ಗುಡ್ ಮಾರ್ನಿಂಗ್ ನಿಲ್ಲಿಸಿದ ಮೇಲೆ ನೀರಿನ ಸುದ್ದಿ ಯಾರಿಗೆ ತಲುಪಿತು?

ವಾಟ್ಸ್‌ಆ್ಯಪ್ ಗುಂಪಿನ ವಿಚಾರವಾಗಿ ಸಲಹೆ ಕೇಳಿಕೊಂಡು ಬರುವ ನಿವಾಸಿಗಳ ಸಂಘದವರ ದೂರು ಹೆಚ್ಚುಕಡಿಮೆ ಒಂದೇ. ಊರಂಚಿನ ಬಡಾವಣೆಯೊಂದರ ಕಾರ್ಯದರ್ಶಿ ಅದನ್ನು ಚೆನ್ನಾಗಿಯೇ ಹೇಳಿದರು: “ಮೇಡಂ, ಇವರ ಗುಲಾಬಿ ಹೂವು, ಶುಭೋದಯದ ನಡುವೆ ನಮ್ಮ ನೀರಿನ ನೋಟಿಸ್ ಮುಳುಗಿಹೋಗುತ್ತೆ. ಟ್ಯಾಂಕ್ ಖಾಲಿಯಾದ ಮೇಲೆ ನನಗೇ ಫೋನ್ ಮಾಡಿ ಬೈತಾರೆ.” ಅವರು ಪರಿಹಾರವನ್ನೂ ಆಗಲೇ ಯೋಚಿಸಿದ್ದರು. ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪಿನ ಸೆಟ್ಟಿಂಗ್ ಬದಲಿಸುವುದು.

ಕಾರ್ಯದರ್ಶಿಗಳಿಗೆ ಗೊತ್ತಿರಲಿಲ್ಲ, ಆದರೆ ಅವರ ತರ್ಕ 1948ರಷ್ಟು ಹಳೆಯದು. ಆ ವರ್ಷ ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ ಸಂವಹನಕ್ಕೊಂದು ಗಣಿತ ಸಿದ್ಧಾಂತ ಕೊಟ್ಟರು. ಸಂದೇಶದ ಮೂಲ, ಅದನ್ನು ಸಂಕೇತವಾಗಿ ಕಳಿಸುವ ಯಂತ್ರ, ಹಾದಿ, ಆ ಹಾದಿಯಲ್ಲಿ ಸೇರಿಕೊಳ್ಳುವ ಗದ್ದಲ, ಸಂಕೇತವನ್ನು ಮತ್ತೆ ಸಂದೇಶವಾಗಿ ಬಿಡಿಸುವ ಯಂತ್ರ, ಕೊನೆಗೆ ಅದು ಸೇರಬೇಕಾದ ಜಾಗ. ಟೆಲಿಫೋನ್ ತಂತಿಯ ಲೆಕ್ಕಾಚಾರಕ್ಕೆಂದು ಹುಟ್ಟಿದ ಚಿತ್ರ ಇದು. ಸಂದೇಶದ ಅರ್ಥ ಏನೆಂಬುದು ಎಂಜಿನಿಯರನ ಸಮಸ್ಯೆಯಲ್ಲ ಎಂದು ಶ್ಯಾನನ್ ಅಲ್ಲೇ ಹೇಳಿದ್ದರು. ಮರುವರ್ಷ ಗಣಿತಜ್ಞ ವಾರೆನ್ ವೀವರ್ ಈ ಚಿತ್ರವನ್ನು ಮನುಷ್ಯರ ಮಾತಿಗೂ ಹಿಗ್ಗಿಸಿ, ಸಂಕೇತ ಸರಿಯಾಗಿ ಹೋಯಿತೇ, ಅರ್ಥ ಸರಿಯಾಗಿ ತಿಳಿಯಿತೇ, ಬಯಸಿದ ಪರಿಣಾಮ ಆಯಿತೇ ಎಂಬ ಮೂರು ಹಂತ ಇಟ್ಟರು. ಪಠ್ಯಪುಸ್ತಕಗಳಲ್ಲಿ ಇದೇ ರವಾನೆ ಮಾದರಿ. ಅದರ ಪ್ರಕಾರ ಬಡಾವಣೆಯ ಗುಂಪಿನಲ್ಲಿ ಸಂದೇಶವೆಂದರೆ ನೀರು. ಗುಲಾಬಿ ಹೂವು ಬರೀ ಗದ್ದಲ.

ಸೆಟ್ಟಿಂಗ್ ಬದಲಾಯಿತು, ಗದ್ದಲ ನಿಂತಿತು. ಅದರ ಜೊತೆಗೆ ಓದುವವರೂ ಕಡಿಮೆಯಾದರು. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಎರಡು ಪಟ್ಟಿ ಸಿಗುತ್ತದೆ. ಮೊದಲೆಲ್ಲ ತಿಂಡಿ ಹೊತ್ತಿಗೇ ತುಂಬುತ್ತಿದ್ದ ಓದಿದವರ ಪಟ್ಟಿ ಈಗ ಸಂಜೆಯಾದರೂ ಅರ್ಧಕ್ಕೇ ನಿಂತಿತ್ತು. ದಿನಾ ತೆರೆಯಲು ಕಾರಣವೇ ಇಲ್ಲದ ಗುಂಪು ಜನರ ಫೋನಿನಲ್ಲಿ ಕೆಳಕ್ಕೆ ಸರಿದುಹೋಗಿತ್ತು. ಶುಭೋದಯ ನೋಡಲು, ಹೇಳಲು ಬರುತ್ತಿದ್ದವರೇ ದಾರಿಯಲ್ಲಿ ನೀರಿನ ನೋಟಿಸನ್ನೂ ನೋಡಿಕೊಂಡು ಹೋಗುತ್ತಿದ್ದರು.

ಇಲ್ಲಿ ನೆರವಿಗೆ ಬರುವುದು ಅಮೆರಿಕದ ಸಂವಹನ ವಿದ್ವಾಂಸ ಜೇಮ್ಸ್ ಕೇರಿ 1975ರಲ್ಲಿ ಮುಂದಿಟ್ಟ ಆಚರಣೆಯ ನೋಟ. ಪತ್ರಿಕೆ ಓದುವುದೆಂದರೆ ಹೊಸ ಮಾಹಿತಿ ಪಡೆಯುವುದಷ್ಟೇ ಅಲ್ಲ, ಚರ್ಚಿನ ಪ್ರಾರ್ಥನೆಗೆ ಹೋದ ಹಾಗೆ ಎಂದರು ಕೇರಿ. ಅಲ್ಲಿ ಹೊಸದೇನೂ ಗೊತ್ತಾಗದಿರಬಹುದು. ನಾವೆಲ್ಲ ಒಂದು ಲೋಕಕ್ಕೆ ಸೇರಿದವರು ಎಂಬುದು ಮತ್ತೆ ಗಟ್ಟಿಯಾಗುತ್ತದೆ. ಹಾಗೆಂದು ರವಾನೆ ಮಾದರಿ ಸುಳ್ಳು ಎಂದು ಅವರು ಹೇಳಲಿಲ್ಲ. ಅದೊಂದೇ ಸಾಲದು ಎಂದರು.

ಇದು ಬರೀ ತತ್ವದ ಮಾತಲ್ಲ. 1945ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕೆ ಹಂಚುವ ಕಾರ್ಮಿಕರು ಎರಡು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಹೂಡಿದ್ದರು. ಜಪಾನಿನ ಮೇಲಿನ ಯುದ್ಧ ಇನ್ನೂ ನಡೆಯುತ್ತಿದ್ದ ದಿನಗಳವು, ಸುದ್ದಿಗೇನೂ ಬರವಿರಲಿಲ್ಲ. ಸುದ್ದಿ ಹೇಳಲು ರೇಡಿಯೊ ಇತ್ತು. ಆದರೂ ಪತ್ರಿಕಾ ಕಚೇರಿಗಳ ಮುಂದೆ ಪ್ರತಿ ಕೊಳ್ಳಲು ಜನ ಸಾಲುಗಟ್ಟಿದರು, ಮೇಯರ್ ಲಾ ಗಾರ್ಡಿಯಾ ಮಕ್ಕಳಿಗಾಗಿ ಕಾಮಿಕ್ಸನ್ನು ರೇಡಿಯೊದಲ್ಲಿ ಓದಿದರು. ಆ ಹೊತ್ತಿನಲ್ಲಿ ಸಂಶೋಧಕ ಬರ್ನಾರ್ಡ್ ಬೆರೆಲ್ಸನ್ ಓದುಗರನ್ನು ಮಾತನಾಡಿಸಿದರು. ಗಂಭೀರ ಸುದ್ದಿಗೆ ಪತ್ರಿಕೆ ಬೇಕೇ ಬೇಕು ಎಂದವರೇ ಹೆಚ್ಚು. ಯಾವ ಸುದ್ದಿ ತಪ್ಪಿಹೋಗಿದೆ ಎಂದು ಕೇಳಿದರೆ ಬಹುಪಾಲು ಜನಕ್ಕೆ ಹೆಸರಿಸಿ ಹೇಳಲಾಗಲಿಲ್ಲ. ಅವರಿಗೆ ತಪ್ಪಿದ್ದು ದಿನಚರಿ, ಓದುವ ಸುಖ, ನಾಲ್ಕು ಜನರ ನಡುವೆ ಮಾತಿಗೊಂದು ಎಳೆ.

ಇಷ್ಟು ಕೇಳಿದ ಕೂಡಲೇ ಶ್ಯಾನನ್ ಸೋತರು, ಕೇರಿ ಗೆದ್ದರು ಎಂದು ನನ್ನ ತರಗತಿಯಲ್ಲಿ ತೀರ್ಪು ಕೊಡುವವರು ಇದ್ದೇ ಇರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶ್ಯಾನನ್ ಸಿದ್ಧಾಂತದಲ್ಲಿ ಮಾಹಿತಿಯ ಅಳತೆ ನಿಂತಿರುವುದು ಅನಿರೀಕ್ಷಿತತೆಯ ಮೇಲೆ. ಬಂದೇ ಬರುತ್ತದೆ ಎಂದು ಗೊತ್ತಿರುವ ಸಂದೇಶದಲ್ಲಿ ಮಾಹಿತಿ ಸೊನ್ನೆಗೆ ಹತ್ತಿರ. ಅದೇ ಬಡಾವಣೆಯಲ್ಲಿ ಒಂಟಿಯಾಗಿರುವ ನಿವೃತ್ತ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ದೇವರ ಫೋಟೊ ಕಳಿಸುತ್ತಿದ್ದರು. ಆ ಫೋಟೊದಲ್ಲಿ ಯಾರಿಗೂ ಹೊಸದೇನೂ ಇರಲಿಲ್ಲ. ಒಂದು ದಿನ ಅದು ಬರದೇ ಹೋದಾಗ ಎದುರುಮನೆಯಾಕೆ ಹೋಗಿ ಬಾಗಿಲು ತಟ್ಟಿದ್ದರು. ಮೇಷ್ಟ್ರು ಜ್ವರದಲ್ಲಿ ಮಲಗಿದ್ದರು. ದಿನಾ ಬರುವುದರಿಂದಲೇ ಬಾರದಿರುವುದಕ್ಕೊಂದು ಅರ್ಥ ಬಂತು. ಆಚರಣೆಯ ನೋಟ ಆ ಫೋಟೊದಲ್ಲಿ ಒಗ್ಗಟ್ಟನ್ನಷ್ಟೇ ಕಾಣುತ್ತದೆ. ಅದು ಸದ್ದಿಲ್ಲದೆ ಕೆಲಸ ಮಾಡುವ ಒಂದು ಸಂಕೇತವೂ ಹೌದು ಎಂದು ತೋರಿಸುವುದು ಎಂಜಿನಿಯರನ ಲೆಕ್ಕವೇ. ಎಲ್ಲರ ಬಾಯಿಗೂ ಬೀಗ ಬಿದ್ದ ದಿನ ಆ ಸಂಕೇತವೂ ಹೋಯಿತು.

ನೀಲಿ ಟಿಕ್ಕನ್ನು ನಂಬಿ ಕೂರುವವರಿಗೂ ಒಂದು ಮಾತು. ಅದು ವೀವರ್ ಹೇಳಿದ ಮೊದಲ ಹಂತಕ್ಕಷ್ಟೇ ಸಾಕ್ಷಿ, ಗುಂಪು ತೆರೆಯಿತು ಎಂಬುದಕ್ಕೆ. ಒಲೆ ಮೇಲೆ ಹಾಲಿಟ್ಟುಕೊಂಡು ಹೆಬ್ಬೆರಳಲ್ಲಿ ಜಾರಿಸಿದರೂ ಟಿಕ್ ನೀಲಿಯಾಗುತ್ತದೆ. “ತಾಂತ್ರಿಕ ಕಾರಣಗಳಿಂದ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ನಿವಾಸಿಗಳು ಸಹಕರಿಸಬೇಕಾಗಿ ವಿನಂತಿ” ಎಂಬ ಒಕ್ಕಣೆಯಲ್ಲಿ ಮಾಡಬೇಕಾದ್ದೇನು ಎಂಬುದೇ ಇಲ್ಲ. ಅದನ್ನು “ನಾಳೆ ನೀರು ಬರಲ್ಲ, ಇವತ್ತು ಸಂಜೆ 6ರೊಳಗೆ ಸಂಪು ತುಂಬಿಸಿಕೊಳ್ಳಿ” ಎಂದು ಬದಲಿಸಿದೆವು. ಗುಂಪನ್ನು ಮತ್ತೆ ಎಲ್ಲರಿಗೂ ತೆರೆದೆವು. ಶುಭೋದಯಗಳ ಸುರಿಮಳೆ ಮುಗಿಯುವ ಎಂಟು ಗಂಟೆಗೆ, ದಿನಾ ಒಬ್ಬರೇ, ಅವತ್ತು ನೀರಿದ್ದರೂ ಇಲ್ಲದಿದ್ದರೂ ಒಂದು ಸಾಲು ಹಾಕುವುದೆಂದು ನಿಗದಿ ಮಾಡಿದೆವು. ಓದಿದವರ ಪಟ್ಟಿ ಮತ್ತೆ ತುಂಬತೊಡಗಿತು. ಈಗ ಎಂಟಕ್ಕೆ ಸಾಲು ಬರದಿದ್ದರೆ “ಯಾಕೆ ಸಾರ್, ನೀರಿನ ಸುದ್ದಿ ಇಲ್ವಾ?” ಎಂದು ಕೇಳುವವರಿದ್ದಾರೆ.

ಆದರೂ ಒಂದು ಮನೆಯಲ್ಲಿ ನಲ್ಲಿ ಒಣಗಿಯೇ ಇತ್ತು, ಬೈಗುಳವೂ ನಿಂತಿರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಗುಂಪಿನಲ್ಲಿದ್ದದ್ದು ಮನೆ ಮಾಲೀಕರ ನಂಬರು. ಅವರಿರುವುದು ಮಸ್ಕತ್‌ನಲ್ಲಿ. ದಿನಾ ತಪ್ಪದೆ ಶುಭೋದಯ ಹೇಳುತ್ತಾರೆ, ಗಣಪತಿ ಹಬ್ಬಕ್ಕೆ ಚಂದಾ ಕಳಿಸುತ್ತಾರೆ, ನೀರಿನ ನೋಟಿಸಿಗೆ ಹೆಬ್ಬೆರಳು ಎತ್ತುತ್ತಾರೆ. ರವಾನೆ ಮಾದರಿಯ ಲೆಕ್ಕದಲ್ಲಿ ಸಂದೇಶ ತಲುಪಿದೆ. ಆಚರಣೆಯ ನೋಟದಲ್ಲಿ ಅವರಷ್ಟು ಭಾಗಿಯಾದವರು ಇನ್ನೊಬ್ಬರಿಲ್ಲ. ಬಾಡಿಗೆಗಿದ್ದ ದಂಪತಿಯನ್ನು ಗುಂಪಿಗೆ ಸೇರಿಸಿಯೇ ಇರಲಿಲ್ಲ. ಒಂದು ಮಾದರಿ ಕಳಿಸಿದವರಿಂದ ಪಡೆದವರವರೆಗೆ ಗೆರೆ ಎಳೆಯುತ್ತದೆ, ಇನ್ನೊಂದು ಸೇರಿದವರ ಸುತ್ತ ವೃತ್ತ ಬರೆಯುತ್ತದೆ. ಗುಂಪಿಗೆ ಯಾರನ್ನು ಸೇರಿಸಬೇಕು ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಎರಡರಲ್ಲೂ ಜಾಗವಿಲ್ಲ.

ಬಾಡಿಗೆದಾರರನ್ನು ಸೇರಿಸೋಣ ಎಂದದ್ದಕ್ಕೆ ಸಂಘದಲ್ಲಿ ಎರಡು ಸಭೆ ವಾದವಾಯಿತು. “ಮೇಂಟೆನೆನ್ಸ್ ಕಟ್ಟೋರು ಓನರ್‌ಗಳು” ಎಂಬುದು ಒಂದು ಪಕ್ಷದ ಪಟ್ಟು. ಕೊನೆಗೆ ಹಾಲಿನ ಬೂತಿನ ಪಕ್ಕದ ಕರಿಹಲಗೆಯ ಮೇಲೂ ಎಂಟು ಗಂಟೆಯ ಆ ಸಾಲನ್ನು ಬರೆಯುವುದು ಎಂದಾಯಿತು. ಗುಂಪಿನ ಸದಸ್ಯತ್ವದ ವಿಷಯ ಮುಂದಿನ ಸಭೆಗೆ ಹೋಗಿದೆ.