ಮೊಟ್ಟೆ ವೆಜ್ಜಾ, ನಾನ್‌ವೆಜ್ಜಾ? ಜಗಳ ಎಲ್ಲಿಂದ ಬಂತು

ನಮ್ಮ ಬೀದಿಯ ಬೇಕರಿಯಲ್ಲಿ ಪಫ್ಸ್ ಕೇಳಿದರೆ ಹುಡುಗ ಕೇಳುವುದು ಒಂದೇ: "ವೆಜ್ಜಾ, ಎಗ್ಗಾ, ಚಿಕನ್ನಾ?" ಮಂಗಳೂರಿನಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಮೊಟ್ಟೆಗೆ ಅದರದ್ದೇ ಟ್ರೇ. ಎರಡೇ ಟ್ರೇ ಇರುವ ಕಡೆ ಮಾತ್ರ ತಕರಾರು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ, ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಇದ್ದರೂ, ಗಲಾಟೆ ಕರಾವಳಿಯ ಚಹಾದಂಗಡಿಗಳವರೆಗೂ ಬಂತು.

ಅರ್ಧ ಜಗಳ ಭಾಷೆಯದ್ದು. 1847ರಲ್ಲಿ ಇಂಗ್ಲೆಂಡಿನಲ್ಲಿ ವೆಜಿಟೇರಿಯನ್ ಸೊಸೈಟಿ ಹುಟ್ಟಿದಾಗ ಆ ಪದದೊಳಗೆ ಹಾಲಿನ ಜೊತೆ ಮೊಟ್ಟೆಗೂ ಜಾಗ ಇತ್ತು. ನಮ್ಮಲ್ಲಿ ಹಾಲು ಒಳಗೆ, ಮೊಟ್ಟೆ ಹೊರಗೆ. ಈ ಎರಡರ ನಡುವೆ ಸಿಕ್ಕಿಬಿದ್ದವರು ಗಾಂಧೀಜಿ. ಲಂಡನ್ನಿಗೆ ಓದಲು ಹೋದಾಗ ಅವರು ಸ್ವಲ್ಪ ದಿನ ಮೊಟ್ಟೆ ತಿಂದು ನೋಡಿದರು. ಅಲ್ಲಿನವರ ಪ್ರಕಾರ ಅದು ಮಾಂಸ ಅಲ್ಲ, ತಾಯಿಗೆ ಕೊಟ್ಟ ಮಾತು ಮುರಿಯುವುದಿಲ್ಲ. ಆದರೆ ಮಾತು ತೆಗೆದುಕೊಂಡ ತಾಯಿಯ ಮನಸ್ಸಿನಲ್ಲಿ ಮಾಂಸ ಅಂದರೆ ಮೊಟ್ಟೆಯೂ ಸೇರಿತ್ತಲ್ಲ ಅಂತ ಬಿಟ್ಟುಬಿಟ್ಟರು. ಆಮೇಲೆ ಕೇಕು, ಪುಡಿಂಗ್ ಎದುರು ಬಂದಾಗಲೆಲ್ಲ ಇದರಲ್ಲಿ ಮೊಟ್ಟೆ ಇದೆಯಾ ಅಂತ ವಿಚಾರಿಸಬೇಕಾಯಿತು. ನಮ್ಮ ಬೇಕರಿ ಎದುರು ನಿಂತವರ ಪಾಡೂ ಅದೇ.

1942ರಲ್ಲಿ ಜೈಲಿನಲ್ಲಿ ಆರೋಗ್ಯದ ಬಗ್ಗೆ ಬರೆಯುವಾಗ ಅವರೇ ಇನ್ನೊಂದು ಮಾತು ಹೇಳಿದರು: ಹುಂಜ ಸೇರದೆ ಬಂದ ಮೊಟ್ಟೆಯಿಂದ ಮರಿ ಆಗುವುದೇ ಇಲ್ಲ, ಹಾಲು ಕುಡಿಯುವವನು ಅದನ್ನು ತಿನ್ನಲು ಅಡ್ಡಿ ಇರಬಾರದು. ಆಗ ಅಂಥ ಮೊಟ್ಟೆ ಅಪರೂಪ. ಪೌಲ್ಟ್ರಿ ಫಾರ್ಮುಗಳು ಬಂದ ಮೇಲೆ ಅಂಗಡಿಯ ಮೊಟ್ಟೆ ಹೆಚ್ಚುಕಮ್ಮಿ ಎಲ್ಲ ಅದೇ ಆಯಿತು, ಯಾಕಂದರೆ ಗೂಡಿನಲ್ಲಿ ಹೇಂಟೆಗಳು ಮಾತ್ರ ಇರುತ್ತವೆ. ಹೇಂಟೆಗೆ ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ.

ಊರ ಕೋಳಿಯ ಕಥೆ ಬೇರೆ. ಅಂಗಳದಲ್ಲಿ ಹುಂಜವೂ ತಿರುಗಾಡುತ್ತಿರುತ್ತದೆ. ಒಮ್ಮೆ ಕೂಡಿದರೆ ಹೇಂಟೆ ಆ ವೀರ್ಯವನ್ನು ಒಳಗೇ ಇಟ್ಟುಕೊಂಡು ಎರಡು ವಾರದ ತನಕ ಫಲಿತ ಮೊಟ್ಟೆ ಇಡಬಹುದು. ಹೊರಗಿನಿಂದ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಒಡೆದರೆ ಹಳದಿಯ ಮೇಲೆ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಅದು ಉಂಗುರದ ಹಾಗೆ ದುಂಡಗಿದ್ದರೆ ಫಲಿತ, ಅಂಚು ಕೆದರಿದ ಸಣ್ಣ ಚುಕ್ಕೆಯಾದರೆ ಅಲ್ಲ. ಬೆಳಕಿಗೆ ಹಿಡಿದು ನೋಡುವ ಉಪಾಯ ತಾಜಾ ಮೊಟ್ಟೆಗೆ ನಡೆಯುವುದಿಲ್ಲ, ಕಾವು ಕೊಟ್ಟು ನಾಲ್ಕೈದು ದಿನ ಆದ ಮೇಲೇ ಕೆಂಪು ನರ ಕಾಣುವುದು. ಇನ್ನು ಒಡೆದಾಗ ರಕ್ತದ ಹನಿ ಕಂಡರೆ ಮರಿ ಇತ್ತು ಅಂತ ಬಿಸಾಡುವವರಿದ್ದಾರೆ, ನಮ್ಮ ಅಮ್ಮನೂ ಹಾಗೇ. ಅದು ಮೊಟ್ಟೆ ತಯಾರಾಗುವಾಗ ಕೋಳಿಯ ಒಳಗೆ ಒಡೆದ ರಕ್ತನಾಳದ್ದು. ಹುಂಜ ಕಾಣದ ಫಾರ್ಮ್ ಮೊಟ್ಟೆಯಲ್ಲೂ ಬರುತ್ತದೆ.

ಹಾಗಾದರೆ ಫಾರ್ಮ್ ಮೊಟ್ಟೆ ವೆಜ್ ಅಂತ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಬೇಡ ಅನ್ನುವವರಲ್ಲಿ ಜಾಸ್ತಿ ಜನ ಅದರಲ್ಲಿ ಜೀವ ಇದೆಯಾ ಅಂತ ಕೇಳುವುದೇ ಇಲ್ಲ. ಅದು ಕೋಳಿಯಿಂದ ಬಂದದ್ದು, ಮನೆಯ ಅಡುಗೆಕೋಣೆಗೆ ಬಾರದ್ದು, ಅಷ್ಟೇ. ಜೀವದ ಲೆಕ್ಕವನ್ನೇ ಹಿಡಿದರೂ ಅದು ಚಿಪ್ಪಿನೊಳಗೆ ನಿಲ್ಲುವುದಿಲ್ಲ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಗಂಡುಮರಿಗಳಿಂದ ಲಾಭ ಇಲ್ಲ ಅಂತ ಹುಟ್ಟಿದ ಕೂಡಲೇ ಕೊಲ್ಲುವ ರೂಢಿ ಇದೆ. ಇಡುವುದು ಕಮ್ಮಿಯಾದ ಹೇಂಟೆ ಮಾಂಸಕ್ಕೆ ಹೋಗುತ್ತದೆ. ಫಾರ್ಮ್ ಮೊಟ್ಟೆಯಲ್ಲಿ ಪಾಪ ಇಲ್ಲ ಅನ್ನುವ ವಾದ ನನಗೆ ಅಲ್ಲಿಗೆ ಸಡಿಲ ಅನಿಸುತ್ತದೆ. ಹಾಲಿನ ಹಿಂದಿನ ಗಂಡುಕರುವಿನ ವಿಷಯ ತೆಗೆದರೆ ಹಾಲು ಕುಡಿದು ಮೊಟ್ಟೆ ಬೇಡ ಅನ್ನುವವರೂ ಮಾತು ಬದಲಿಸುತ್ತಾರೆ, ಅದು ಬೇರೆ.

ಕಾನೂನು ಈ ಗೋಜಿಗೇ ಹೋಗಲಿಲ್ಲ. 2000-01ರ ಸುಮಾರಿಗೆ ಪ್ಯಾಕೆಟ್ ಮೇಲೆ ಹಸಿರು, ಕಂದು ಗುರುತು ಬಂದಾಗ ನಾನ್‌ವೆಜ್ ಪಟ್ಟಿಯಲ್ಲಿ ಮಾಂಸ, ಮೀನಿನ ಜೊತೆ ಮೊಟ್ಟೆಯನ್ನೂ ಹೆಸರು ಹಿಡಿದು ಬರೆದರು, ಹಾಲನ್ನು ಹೆಸರು ಹಿಡಿದು ಬಿಟ್ಟರು. ಫಲಿತವೋ ಅಲ್ಲವೋ, ಊರದ್ದೋ ಫಾರ್ಮಿನದ್ದೋ ಪ್ರಶ್ನೆಯೇ ಇಲ್ಲ. ಪ್ಯಾಕೆಟ್ ಓದುವವನಿಗೆ ಒಳಗೆ ಏನಿದೆ ಗೊತ್ತಾಗಬೇಕು, ಅದಕ್ಕೆ ಇದು ಸಾಕು. ಆದರೆ ಎರಡೇ ಬಣ್ಣ ಇರುವುದರಿಂದ ಮೊಟ್ಟೆ ಹಾಕಿದ ಬಿಸ್ಕತ್ತಿಗೂ ಚಿಕನ್ ನಗೆಟ್ಸಿಗೂ ಒಂದೇ ಕಂದು. ಅದಕ್ಕೇ ನಿಯಮದಲ್ಲಿ ಒಂದು ಕಿಂಡಿ ಇದೆ: ಮೊಟ್ಟೆ ಬಿಟ್ಟು ಬೇರೆ ನಾನ್‌ವೆಜ್ ಇಲ್ಲದಿದ್ದರೆ ಕಂದು ಗುರುತಿನ ಜೊತೆ ಹಾಗಂತ ಬರೆದುಕೊಳ್ಳಬಹುದು.

ಉಡುಪಿಯ ನಮ್ಮ ಚಿಕ್ಕಮ್ಮ ಕೇಕಿನ ಪೆಟ್ಟಿಗೆ ತಿರುಗಿಸಿ ಕಂದು ಗುರುತು ನೋಡುತ್ತಾರೆ, ಕನ್ನಡಕ ಏರಿಸಿ ಕೆಳಗಿನ ಸಣ್ಣ ಅಕ್ಷರ ಓದುತ್ತಾರೆ. "ಮೊಟ್ಟೆ ಮಾತ್ರ ಮಾರಾಯ್ತಿ" ಅನ್ನುತ್ತಾ ಮೊಮ್ಮಕ್ಕಳಿಗೆ ಕತ್ತರಿಸಿ ಕೊಡುತ್ತಾರೆ, ತಾವು ತಿನ್ನುವುದಿಲ್ಲ. ಆ ಚಾಕುವನ್ನು ಬೇರೆಯಾಗಿ ತೊಳೆಯುತ್ತಾರೆ.