ಜನರಲ್ ಆವರೇಜ್ ಎಂದರೆ ಸರಾಸರಿ ಅಲ್ಲ

ಆಫ್ರಿಕಾದಿಂದ ಕಚ್ಚಾ ಗೇರುಬೀಜ ತರಿಸುವ ಮಂಗಳೂರಿನ ಪರಿಚಯಸ್ಥರೊಬ್ಬರು ಕಳೆದ ತಿಂಗಳು ಒಂದು ಕಾಗದ ತಂದು ನನ್ನ ಮೇಜಿನ ಮೇಲಿಟ್ಟರು. ಹಡಗು ಕಂಪನಿಯ ನೋಟಿಸನ್ನು ಯಾರೋ ಕನ್ನಡಕ್ಕೆ ತಂದಿದ್ದರು: ‘ಹಡಗಿನ ಮಾಲೀಕರು ಸಾಮಾನ್ಯ ಸರಾಸರಿಯನ್ನು ಘೋಷಿಸಿದ್ದಾರೆ.’

‘ಯಾವುದರ ಸರಾಸರಿ ಸಾರ್ ಇದು? ನಮ್ಮ ಮೂಟೆಗಳಿಗೆ ಏನೂ ಆಗಿಲ್ಲವಂತೆ. ಆದರೂ ಹಣ ಕಟ್ಟದೆ ಕಂಟೈನರ್ ಬಿಡುವುದಿಲ್ಲವಂತೆ’ ಎಂದರು.

ಈ ‘ಸಾಮಾನ್ಯ ಸರಾಸರಿ’ಯನ್ನು ನಾನು ನೋಡುತ್ತಿರುವುದು ಇದೇ ಮೊದಲಲ್ಲ. ವಿಮೆಯ ಕೈಪಿಡಿಗಳಲ್ಲಿ ಕಂಡಿದ್ದೇನೆ, ವಾಣಿಜ್ಯ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಕಂಡಿದ್ದೇನೆ. ಇಂಗ್ಲಿಷಿನ ‘ಜನರಲ್ ಆವರೇಜ್’ಗೆ ಪದಕ್ಕೆ ಪದ ಇಟ್ಟ ಈ ಅನುವಾದ ತಪ್ಪು ದಾರಿ ತೋರಿಸುತ್ತದೆ. ಏಕೆಂದರೆ ಇಲ್ಲಿನ ಆವರೇಜ್‌ಗೂ ಲೆಕ್ಕದ ಸರಾಸರಿಗೂ ಇರುವ ಸಂಬಂಧ ನಾವು ಊಹಿಸುವುದಕ್ಕೆ ಉಲ್ಟಾ.

ಅರಬಿಯಲ್ಲಿ ‘ಅವಾರ್’ ಎಂದರೆ ಸರಕಿಗೆ ಆದ ಊನ, ಹಾಳು. ನಾವು ದಿನವೂ ಬಳಸುವ ‘ಐಬು’ ಕೂಡ ಅರಬಿಯಿಂದಲೇ ಬಂದದ್ದು. ಮೂಲ ಬೇರೆ, ಆದರೆ ಅರ್ಥದಲ್ಲಿ ಎರಡೂ ನೆರೆಹೊರೆಯವು. ಮೆಡಿಟರೇನಿಯನ್ ಕಡಲಿನ ವ್ಯಾಪಾರದ ಜೊತೆ ‘ಅವಾರ್’ ಇಟಲಿಯ ಬಂದರುಗಳಿಗೆ ಹೋಗಿ ‘ಅವರಿಯಾ’ ಆಯಿತು, ಫ್ರೆಂಚರ ಬಾಯಲ್ಲಿ ‘ಅವರಿ’ ಆಯಿತು. ಇಂಗ್ಲಿಷಿನವರು ಡ್ಯಾಮೇಜ್ ಎಂಬ ಪದದ ಬಾಲವನ್ನೇ ಇದಕ್ಕೂ ಅಂಟಿಸಿ ‘ಆವರೇಜ್’ ಮಾಡಿಕೊಂಡರು. ಆಗಲೂ ಅದರ ಅರ್ಥ ಕಡಲಿನಲ್ಲಿ ಆದ ಹಾನಿ ಎಂದೇ. ಆ ಹಾನಿಯನ್ನು ಹಡಗಿನ ಮಾಲೀಕನೂ ಸರಕಿನ ಒಡೆಯರೂ ಅವರವರ ಪಾಲಿನ ಪ್ರಕಾರ ಹಂಚಿಕೊಳ್ಳುತ್ತಿದ್ದರು. ಹೀಗೆ ಹಂಚುವ ಲೆಕ್ಕದಿಂದಲೇ ಮುಂದೆ, 18ನೇ ಶತಮಾನದಲ್ಲಿ, ಗಣಿತದ ‘ಆವರೇಜ್’ ಹುಟ್ಟಿತು. ಅಂದರೆ ಹಡಗಿನ ಪದವೇ ತಾಯಿ, ಶಾಲೆಯ ಲೆಕ್ಕದ ಪದ ಅದರ ಮಗು. ಮಗುವಿನ ಅರ್ಥವನ್ನು ತಾಯಿಗೆ ತೊಡಿಸಿದರೆ ‘ಸಾಮಾನ್ಯ ಸರಾಸರಿ’ ಆಗುತ್ತದೆ. ನಮ್ಮ ‘ಸರಾಸರಿ’ಯೋ ಪಾರಸಿಯ ‘ಸರಾಸರ್’ನಿಂದ, ಅಂದರೆ ಈ ತುದಿಯಿಂದ ಆ ತುದಿಯವರೆಗೆ ಎಂಬ ಮಾತಿನಿಂದ ಬಂದದ್ದು. ಅದರಲ್ಲಿ ಹಾನಿಯ ಸುಳಿವೇ ಇಲ್ಲ.

ಜನರಲ್ ಎಂದರೂ ಇಲ್ಲಿ ‘ಸಾಮಾನ್ಯ’ ಅಲ್ಲ, ‘ಎಲ್ಲರಿಗೂ ಸೇರಿದ್ದು’. ಕೂಡುಕುಟುಂಬ ಎನ್ನುವ ಹಾಗೆ ಇದನ್ನು ನಾನು ಕೂಡುನಷ್ಟ ಎನ್ನುತ್ತೇನೆ. ಇದರ ಎದುರು ಜೋಡಿಯಾದ ಪರ್ಟಿಕ್ಯುಲರ್ ಆವರೇಜ್ ಒಂಟಿನಷ್ಟ. ಯಾರ ಸರಕು ಹಾಳಾಯಿತೋ ಅವರು ಅಥವಾ ಅವರ ವಿಮಾ ಕಂಪನಿ ಮಾತ್ರ ಅದನ್ನು ಹೊರುತ್ತಾರೆ.

ಕೂಡುನಷ್ಟ ಯಾವಾಗ ಆಗುತ್ತದೆ? ಹಡಗೂ ಸರಕೂ ಒಟ್ಟಿಗೆ ಅಪಾಯದಲ್ಲಿದ್ದಾಗ, ಎಲ್ಲವನ್ನೂ ಉಳಿಸಲೆಂದು, ತಿಳಿದೂ ತಿಳಿದು, ವಿವೇಕದಿಂದ ಒಂದಷ್ಟನ್ನು ಬಲಿ ಕೊಟ್ಟಾಗ ಅಥವಾ ಮಾಮೂಲಿಗೆ ಮೀರಿದ ಖರ್ಚು ಮಾಡಿದಾಗ. ಹಡಗನ್ನು ಹಗುರಾಗಿಸಲು ಸರಕು ಎಸೆದರೆ ಎಲ್ಲರಿಗಾಗಿ ಕೊಟ್ಟದ್ದನ್ನು ಎಲ್ಲರೂ ಸೇರಿ ತುಂಬಿಕೊಡಬೇಕು ಎಂಬ ಈ ನಿಯಮ ರೋಡ್ಸ್ ದ್ವೀಪದ ಹೆಸರಿನಲ್ಲಿ ರೋಮನ್ ಕಾನೂನಿನಲ್ಲೇ ದಾಖಲಾಗಿದೆ. ಇಂದು ಹೆಚ್ಚಿನ ಬಿಲ್ ಆಫ್ ಲೇಡಿಂಗ್‌ಗಳು, ಅಂದರೆ ಸರಕು ಹೇರಿಕೊಂಡದ್ದಕ್ಕೆ ಹಡಗಿನವರು ಕೊಡುವ ಕರಾರು ಪತ್ರಗಳು, ಕೂಡುನಷ್ಟ ಹಂಚುವ ಅಂತರರಾಷ್ಟ್ರೀಯ ಕಟ್ಟಳೆಯಾದ ಯಾರ್ಕ್-ಆಂಟ್ವರ್ಪ್ ನಿಯಮಗಳನ್ನು ಒಪ್ಪಿಕೊಂಡಿರುತ್ತವೆ. ನಮ್ಮ 1963ರ ಸಾಗರ ವಿಮಾ ಕಾಯ್ದೆಯ 66ನೇ ಕಲಮು ಇದರ ಬಗ್ಗೆಯೇ ಇದೆ.

‘ತಿಳಿದೂ ತಿಳಿದು’ ಎಂಬ ಮಾತನ್ನು ಮರೆತವರೇ ಹೆಚ್ಚು ಎಡವುತ್ತಾರೆ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು ವಾಲಿ ಮುಳುಗಿತು, ಅನೇಕ ಕಂಟೈನರ್‌ಗಳು ಕಡಲಿಗೆ ಬಿದ್ದವು. ಅವನ್ನು ಯಾರೂ ಹಡಗು ಉಳಿಸಲೆಂದು ದೂಡಿದ್ದಲ್ಲ, ಹಡಗು ವಾಲಿದ್ದರಿಂದ ಹೋದವು. ಹಾಗೆ ಹೋದ ಸರಕು ಅದರ ಒಡೆಯನ ಒಂಟಿನಷ್ಟ.

ಈಗ ಲೆಕ್ಕ. ಒಂದು ಹಡಗು ಮರಳದಿಣ್ಣೆಗೆ ಸಿಕ್ಕಿಕೊಂಡಿದೆ ಎಂದಿಟ್ಟುಕೊಳ್ಳಿ. ಹಡಗಿನ ಬೆಲೆ 60 ಕೋಟಿ. ಅದರಲ್ಲಿ 30 ಕೋಟಿಯ ಮರದ ದಿಮ್ಮಿ, 9 ಕೋಟಿಯ ಬೇರೆ ಸರಕು, ನಮ್ಮವರ 1 ಕೋಟಿಯ ಗೇರುಬೀಜ. ಒಟ್ಟು 100 ಕೋಟಿ. ಕ್ಯಾಪ್ಟನ್ 10 ಕೋಟಿಯ ದಿಮ್ಮಿಗಳನ್ನು ಕಡಲಿಗೆ ಹಾಕಿಸಿದ, ಹಡಗು ತೇಲಿತು. ನಷ್ಟ ನೂರಕ್ಕೆ ಹತ್ತು, ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಆಸ್ತಿಯ ಹತ್ತನೇ ಒಂದು ಪಾಲು ಹೊರಬೇಕು. ಹಡಗಿನ ಮಾಲೀಕ 6 ಕೋಟಿ, ಬೇರೆ ಸರಕಿನವರು 90 ಲಕ್ಷ, ಗೇರುಬೀಜದವರು 10 ಲಕ್ಷ ಕೊಡುತ್ತಾರೆ. ಸೇರಿಸಿದರೆ 7 ಕೋಟಿ, ಅದು ದಿಮ್ಮಿಯವನಿಗೆ. ಅವನಿಗೆ ಪೂರ್ತಿ 10 ಕೋಟಿ ಏಕಿಲ್ಲ? ಅವನ 30 ಕೋಟಿಯ ಪಾಲಿಗೆ ಬರುವ 3 ಕೋಟಿಯನ್ನು ಅವನೂ ಹೊರಬೇಕು. ಎಸೆದದ್ದು ಯಾರ ಸರಕು ಎಂಬುದು ಕೊನೆಗೆ ಯಾರ ಜೇಬಿನಲ್ಲೂ ವ್ಯತ್ಯಾಸ ತರಬಾರದು. ಈ ಪದದ ಜೀವ ಇರುವುದು ಅಲ್ಲಿ. ನನ್ನ ಪರಿಚಯಸ್ಥರ ಪ್ರಶ್ನೆಗೂ ಇದೇ ಉತ್ತರ: ನಿಮ್ಮ ಮೂಟೆಗಳಿಗೆ ಏನೂ ಆಗದೆ ಉಳಿದದ್ದಕ್ಕೇ ಈ ಪಾಲು.

ಬೆಂಕಿಯ ಪ್ರಕರಣದಲ್ಲಿ ಗೆರೆ ಇನ್ನೂ ಸಣ್ಣದು. ಸುಟ್ಟ ಸರಕು ಒಂಟಿನಷ್ಟ. ಅದೇ ಬೆಂಕಿ ಆರಿಸಲು ಹಾಯಿಸಿದ ನೀರಿನಿಂದ ಕೆಟ್ಟ ಸರಕು ಕೂಡುನಷ್ಟ. ಹೊಗೆಯಿಂದ ಅಥವಾ ಬೆಂಕಿಯ ಕಾವಿನಿಂದ ಕೆಟ್ಟದ್ದು ಮಾತ್ರ ಕೂಡುನಷ್ಟಕ್ಕೆ ಸೇರುವುದಿಲ್ಲ ಎಂದು ಯಾರ್ಕ್-ಆಂಟ್ವರ್ಪ್‌ನ ಮೂರನೇ ನಿಯಮ ಬಾಯಿಬಿಟ್ಟು ಹೇಳುತ್ತದೆ. ಹಾಗಾಗಿ ಕಂಟೈನರ್ ತೆರೆದಾಗ ಸರ್ವೇಯರ್ ಮೂಟೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಡಿಸುತ್ತಾರೆ: ಕರಕಲಾದವು, ಹೊಗೆ ಹಿಡಿದವು, ನೆನೆದವು. ನೆನೆದ ಗೋಣಿಯ ಒಂದು ತುಂಡಿನ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ನಾಲ್ಕು ಹನಿ ಹಾಕುತ್ತಾರೆ. ಹಾಲಿನಂತೆ ಬೆಳ್ಳಗೆ ಒಡೆದರೆ ಉಪ್ಪಿದೆ, ಅದು ಕಡಲ ನೀರು ಎಂಬ ಸುಳಿವು. ತಿಳಿಯಾಗಿಯೇ ಉಳಿದರೆ ಮಳೆಯ ನೀರೋ ಕಂಟೈನರಿನ ಒಳಗೆ ಬೆವರಿದ ನೀರೋ ಇರಬಹುದು. ಆದರೆ ಈ ಪರೀಕ್ಷೆ ಉಪ್ಪನ್ನಷ್ಟೇ ತೋರಿಸುತ್ತದೆ. ಕಡಲ ನೀರು ಬೆಂಕಿ ಆರಿಸುವ ಪೈಪಿನಿಂದ ಬಂತೋ ಅಲೆಯಿಂದ ನುಗ್ಗಿತೋ ಎಂಬುದನ್ನು ಹಡಗಿನ ದಿನಚರಿ ಮತ್ತು ಕಂಟೈನರ್ ಇದ್ದ ಜಾಗವನ್ನು ನೋಡಿಯೇ ತೀರ್ಮಾನಿಸಬೇಕು.

ಹಣದ ಬಿಸಿ ಎಷ್ಟಿರುತ್ತದೆ ಎಂಬುದಕ್ಕೆ ನಮ್ಮ ಅರಬ್ಬಿ ಸಮುದ್ರದಲ್ಲೇ ನಡೆದ ಘಟನೆ ಸಾಕು. 2018ರ ಮಾರ್ಚ್ 6ರಂದು ಸಿಂಗಪುರದಿಂದ ಸೂಯೆಜ್ ಕಡೆಗೆ ಹೊರಟಿದ್ದ ಮೇರ್ಸ್ಕ್ ಹೊನಾಮ್ ಎಂಬ ಕಂಟೈನರ್ ಹಡಗಿಗೆ ಬೆಂಕಿ ಹತ್ತಿತು. ಐವರು ಸಿಬ್ಬಂದಿ ತೀರಿಕೊಂಡರು. ಬಳಿಕ ಕೂಡುನಷ್ಟ ಘೋಷಣೆಯಾಯಿತು. ಹಡಗನ್ನು ಕಾಪಾಡಿದ ರಕ್ಷಣಾ ತಂಡದ ಸಂಭಾವನೆಗಾಗಿ ಸರಕಿನ ಬೆಲೆಯ ಶೇ. 42.5, ಕೂಡುನಷ್ಟಕ್ಕಾಗಿ ಶೇ. 11.5 ಭದ್ರತೆ ಕೇಳಿದರು. ಎರಡೂ ಸೇರಿ ಶೇ. 54. ಒಂದು ಕೋಟಿಯ ಸರಕಿಗೆ 54 ಲಕ್ಷ! ಇದು ಕೊನೆಯ ಲೆಕ್ಕವಲ್ಲ, ಭದ್ರತೆ ಮಾತ್ರ. ಯಾರ ಪಾಲು ಎಷ್ಟೆಂದು ನಿಗದಿ ಮಾಡುವ ಆವರೇಜ್ ಅಡ್ಜಸ್ಟರ್ ಪೂರ್ತಿ ಲೆಕ್ಕ ಮುಗಿಸುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಭದ್ರತೆ ಸಿಗುವವರೆಗೆ ಸರಕನ್ನು ತಡೆದಿಡುವ ಹಕ್ಕು ಹಡಗಿನ ಮಾಲೀಕನಿಗಿದೆ.

ವಿಮೆ ಇದ್ದವರು ಪಾಲು ಕೊಡುತ್ತೇವೆಂಬ ಮುಚ್ಚಳಿಕೆಯಾದ ಆವರೇಜ್ ಬಾಂಡಿಗೆ ಸಹಿ ಹಾಕಿ, ವಿಮಾ ಕಂಪನಿಯ ಗ್ಯಾರಂಟಿ ಪತ್ರ ಕೊಟ್ಟು ಸರಕು ಬಿಡಿಸಿಕೊಳ್ಳುತ್ತಾರೆ. ವಿಮೆ ಇಲ್ಲದವರು ನಗದು ಇಡಬೇಕು. ಸರಕು ವಿಮೆಯ ಷರತ್ತುಗಳಾದ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜ್‌ಗಳಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಅತಿ ಕಡಿಮೆ ರಕ್ಷಣೆಯ ಸಿಯಲ್ಲೂ ಕೂಡುನಷ್ಟದ ಪಾಲು ಸೇರಿದೆ. ‘ನಮ್ಮದು ಬರೀ ಸಿ ಪಾಲಿಸಿ, ಇದೆಲ್ಲ ಸಿಗುವುದಿಲ್ಲ’ ಎಂದು ಕೈಯಿಂದ ನಗದು ಕಟ್ಟಿದವರನ್ನು ಕಂಡಾಗ ಸಂಕಟವಾಗುತ್ತದೆ. ಒಂದು ಎಚ್ಚರಿಕೆ: ಸರಕಿನ ಬೆಲೆಗಿಂತ ಕಡಿಮೆಗೆ ವಿಮೆ ಮಾಡಿಸಿದ್ದರೆ ಕಂಪನಿ ಈ ಪಾಲನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡಿ ಕೊಡುತ್ತದೆ.

ಇದರ ಹಿಂದೆಯೇ ಬರುವ ಪದ ಸಬ್ರೊಗೇಶನ್. ಇದನ್ನು ‘ಹಕ್ಕಿನ ವರ್ಗಾವಣೆ’ ಎಂದು ಬರೆಯುವುದು ರೂಢಿ, ಅದೂ ಸರಿಯಲ್ಲ. ಲ್ಯಾಟಿನ್‌ನಲ್ಲಿ ಈ ಪದಕ್ಕೆ ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಆರಿಸುವುದು ಎಂಬ ಅರ್ಥವಿತ್ತು. ನಷ್ಟ ತುಂಬಿಕೊಟ್ಟ ವಿಮಾ ಕಂಪನಿ ನಿಮ್ಮ ಚಪ್ಪಲಿಯಲ್ಲಿ ಕಾಲಿಟ್ಟು, ತಪ್ಪು ಮಾಡಿದವರನ್ನು ನೀವು ಹೇಗೆ ಕೇಳಬಹುದಿತ್ತೋ ಹಾಗೆ ಕೇಳುತ್ತದೆ. ಹಕ್ಕು ನಿಮ್ಮದೇ, ಅದರ ಫಲದಲ್ಲಿ ಕಂಪನಿಗೆ ಸಿಗುವುದು ತಾನು ಕೊಟ್ಟಷ್ಟು ಮಾತ್ರ. ವರ್ಗಾವಣೆ ಮಾಡಿಕೊಟ್ಟರೆ ಕಥೆ ಬೇರೆ, ಆಗ ಹಕ್ಕು ಪೂರ್ತಿ ಅವರದು. ಈ ವ್ಯತ್ಯಾಸವನ್ನು ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಅಲ್ಲಿ ಹೋದದ್ದು ಲಾರಿಯಲ್ಲಿದ್ದ ನೂಲು, ಆದರೆ ತತ್ವ ಕಡಲಿಗೂ ಅದೇ.

ಬ್ಲೇರ್ನೆವಿಸ್ ಎಂಬ ಹಡಗಿನ ಕಥೆ ಕೇಳಿದರೆ ಇದು ಮರೆಯುವುದಿಲ್ಲ. 1945ರಲ್ಲಿ ಅದು ಕೆನಡಾ ಸರ್ಕಾರದ ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ವಿಮಾ ಕಂಪನಿ 72,000 ಪೌಂಡ್ ಕೊಟ್ಟಿತು. ವರ್ಷಗಳ ಬಳಿಕ ಕೆನಡಾ ಡಾಲರುಗಳಲ್ಲಿ ಪರಿಹಾರ ಬಂತು. ಅಷ್ಟರಲ್ಲಿ, 1949ರಲ್ಲಿ, ಪೌಂಡಿನ ಬೆಲೆ ಇಳಿಸಿದ್ದರಿಂದ ಅದು ಸುಮಾರು 1,27,000 ಪೌಂಡ್ ಆಯಿತು. ಹೆಚ್ಚಿನ ಹಣ ಯಾರದು? ಪೂರ್ತಿ ನಮಗೇ ಬರಬೇಕು ಎಂದಿತು ವಿಮಾ ಕಂಪನಿ. 72,000 ಅವರಿಗೆ, ಉಳಿದದ್ದು ಹಡಗಿನ ಒಡೆಯರಿಗೆ ಎಂದು 1961ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ಕೂಡುನಷ್ಟಕ್ಕೂ ಇದಕ್ಕೂ ಗಂಟು ಬೀಳುವುದು ಹೀಗೆ. ಅಪಾಯ ಬಂದದ್ದು ಹಡಗಿನ ಮಾಲೀಕನ ತಪ್ಪಿನಿಂದಲೇ ಇರಬಹುದು. ಯಾನಕ್ಕೆ ಯೋಗ್ಯವಲ್ಲದ ಹಡಗನ್ನು ಆತ ಕಳಿಸಿರಬಹುದು. ಆಗಲೂ ಕೂಡುನಷ್ಟದ ಲೆಕ್ಕ ನಿಲ್ಲುವುದಿಲ್ಲ. ಆದರೆ ತಪ್ಪನ್ನು ಸಾಬೀತು ಮಾಡಿದರೆ ಸರಕಿನವರು ತಮ್ಮ ಪಾಲು ಕೊಡಲು ನಿರಾಕರಿಸಬಹುದು, ಕೊಟ್ಟಾಗಿದ್ದರೆ ಹಿಂದಕ್ಕೆ ಕೇಳಬಹುದು. ಪಾಲು ಕಟ್ಟಿದ ವಿಮಾ ಕಂಪನಿ ನಿಮ್ಮ ಜಾಗದಲ್ಲಿ ನಿಂತು ಮಾಡುವ ಕೆಲಸ ಇದೇ.

ನಿಮ್ಮ ಹಕ್ಕು ಎಷ್ಟು ಗಟ್ಟಿಯೋ ಕಂಪನಿಯ ಹಕ್ಕೂ ಅಷ್ಟೇ ಗಟ್ಟಿ. ಹಡಗಿನವರಿಂದ ಸಣ್ಣ ಮೊತ್ತ ಪಡೆದು ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆದುಕೊಟ್ಟರೆ ಕಂಪನಿಯ ದಾರಿಯೂ ಮುಚ್ಚುತ್ತದೆ, ನಿಮ್ಮ ಕ್ಲೇಮಿಗೂ ಕುತ್ತು ಬರುತ್ತದೆ. ಮೇಲ್ನೋಟಕ್ಕೆ ಕಾಣದ ಹಾನಿಯಾದರೆ ಸರಕು ಕೈಗೆ ಬಂದ ಮೂರು ದಿನದೊಳಗೆ ಹಡಗಿನವರಿಗೆ ಬರೆದು ತಿಳಿಸಬೇಕು. ದಾವೆ ಹೂಡಲು ಇರುವುದು ಒಂದೇ ವರ್ಷ, ಅದೂ ಸರಕು ಒಪ್ಪಿಸಿದ ದಿನದಿಂದ. ವಿಮಾ ಕಂಪನಿ ನಿಮಗೆ ಹಣ ಕೊಟ್ಟ ದಿನದಿಂದ ಅಲ್ಲ. ಪರಿಚಯಸ್ಥರ ಕಾಗದದ ಅಂಚಿನಲ್ಲಿ ‘ಸಾಮಾನ್ಯ ಸರಾಸರಿ’ಯನ್ನು ಹೊಡೆದು ‘ಕೂಡುನಷ್ಟ’ ಎಂದು ಬರೆದೆ. ಅದರ ಕೆಳಗೆ ಸರಕು ಒಪ್ಪಿಸಲಿರುವ ದಿನವನ್ನೂ, ಅದಕ್ಕೆ ಒಂದು ವರ್ಷ ತುಂಬುವ ತಾರೀಕನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ.