ಹುಟ್ಟುಹಬ್ಬದಂದು 17.9986: ದಶಮಾಂಶ ವಯಸ್ಸಿನ ಲೆಕ್ಕ

ಒಂದು ಅಧ್ಯಯನದ ದತ್ತಾಂಶವನ್ನು ಪರಿಶೀಲಿಸುತ್ತಿದ್ದಾಗ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಹದಿನೆಂಟು ತುಂಬಿದವರನ್ನು ಮಾತ್ರ ಸೇರಿಸಿಕೊಳ್ಳಬೇಕೆಂಬುದು ಅಲ್ಲಿನ ನಿಯಮ. ವಯಸ್ಸು ಸಾಲದೆಂದು ಕೈಬಿಟ್ಟವರ ಪಟ್ಟಿಯಲ್ಲಿ ಒಬ್ಬರ ವಯಸ್ಸು 18.00 ಎಂದೇ ಅಚ್ಚಾಗಿತ್ತು. ಹದಿನೆಂಟಾಗಿದ್ದರೆ ಕೈಬಿಟ್ಟದ್ದೇಕೆ? ದಶಮಾಂಶದ ಇನ್ನಷ್ಟು ಅಂಕಿಗಳನ್ನು ತೆರೆದು ನೋಡಿದೆ. ಒಳಗಿದ್ದ ಸಂಖ್ಯೆ 17.99863. ಎರಡು ಅಂಕಿಗಳಿಗೆ ಸರಿಹೊಂದಿಸಿ ತೋರಿಸಿದಾಗ ಅದು 18.00 ಆಗಿತ್ತು, ಆದರೆ ಹೋಲಿಕೆಯ ಸೂತ್ರ ನೋಡಿದ್ದು ಒಳಗಿನ ಸಂಖ್ಯೆಯನ್ನು. ಅವರು ಹೆಸರು ನೋಂದಾಯಿಸಿದ್ದು ತಮ್ಮ ಹದಿನೆಂಟನೆಯ ಹುಟ್ಟುಹಬ್ಬದ ದಿನ.

ಜನ್ಮದಿನಾಂಕ 10 ಜೂನ್ 2005, ನೋಂದಣಿ 10 ಜೂನ್ 2023 ಎಂದಿಟ್ಟುಕೊಳ್ಳೋಣ. ನಡುವಿನ ಹದಿನೆಂಟು ವರ್ಷಗಳಿಗೆ ತಲಾ 365ರಂತೆ 6570 ದಿನಗಳು. ಇವುಗಳ ಮಧ್ಯೆ 2008, 2012, 2016 ಮತ್ತು 2020ರ ಫೆಬ್ರುವರಿ 29ಗಳು ಬಂದುಹೋಗಿವೆ, ಆದ್ದರಿಂದ ಒಟ್ಟು 6574. ದಶಮಾಂಶ ವಯಸ್ಸಿನ ರೂಢಿಯ ಸೂತ್ರದಂತೆ ಇದನ್ನು 365.25ರಿಂದ ಭಾಗಿಸಿದರೆ 17.99863 ಬರುತ್ತದೆ. ಈಗ 10 ಜೂನ್ 2003ರಂದು ಹುಟ್ಟಿದವರನ್ನು ನೋಡಿ. ಅವರ ಹದಿನೆಂಟು ವರ್ಷಗಳಲ್ಲಿ 2004ರಿಂದ 2020ರವರೆಗಿನ ಐದು ಅಧಿಕ ದಿನಗಳು ಸೇರುತ್ತವೆ. 6575 ದಿನಗಳನ್ನು ಭಾಗಿಸಿದಾಗ ಸಿಗುವುದು 18.00137. ಇಬ್ಬರೂ ನಿಂತಿರುವುದು ಹದಿನೆಂಟನೆಯ ಹುಟ್ಟುಹಬ್ಬದಲ್ಲೇ. ಆದರೂ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ.

ಸೂತ್ರದ ದೌರ್ಬಲ್ಯ ಇಲ್ಲಿಯೇ ಇದೆ. ಕ್ಯಾಲೆಂಡರಿನಲ್ಲಿ 365 ದಿನಗಳ ವರ್ಷವಿದೆ, 366 ದಿನಗಳ ವರ್ಷವಿದೆ, 365.25 ದಿನಗಳ ವರ್ಷ ಎಲ್ಲಿಯೂ ಇಲ್ಲ. ಅದು ನಾಲ್ಕು ವರ್ಷಗಳ ಸರಾಸರಿ. ಒಬ್ಬ ವ್ಯಕ್ತಿಯ ಬದುಕಿನಲ್ಲಿ ಅಧಿಕ ದಿನಗಳು ಕಾಲುಕಾಲಾಗಿ ಸೇರುವುದಿಲ್ಲ, ನಾಲ್ಕು ವರ್ಷಕ್ಕೊಮ್ಮೆ ಇಡಿಯಾಗಿ ಬರುತ್ತವೆ. ಹೀಗಾಗಿ ವಯಸ್ಸು ನಾಲ್ಕರ ಗುಣಕವಾಗಿದ್ದಾಗ ಮಾತ್ರ ಹುಟ್ಟುಹಬ್ಬದ ದಿನ ಪೂರ್ಣಾಂಕ ಸಿಗುತ್ತದೆ. ಉಳಿದೆಲ್ಲ ಹುಟ್ಟುಹಬ್ಬಗಳಲ್ಲಿ ಉತ್ತರ ಸ್ವಲ್ಪ ಹೆಚ್ಚು ಅಥವಾ ಸ್ವಲ್ಪ ಕಡಿಮೆ.

ಸರಾಸರಿಯನ್ನು ಇನ್ನಷ್ಟು ನಿಖರಗೊಳಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ 400 ವರ್ಷಗಳಿಗೆ 97 ಅಧಿಕ ದಿನಗಳಿವೆ, ಆದ್ದರಿಂದ ಅದರ ನಿಜವಾದ ಸರಾಸರಿ 365.2425. ಅದರಿಂದ ಭಾಗಿಸಿದರೂ 6574 ದಿನಗಳಿಗೆ ಬರುವುದು 17.9990. ರೋಗಕ್ಕೆ ಇದು ಮದ್ದಲ್ಲ. 1901ರಿಂದ 2099ರವರೆಗೆ ನಾಲ್ಕು ವರ್ಷಕ್ಕೊಂದು ಅಧಿಕ ವರ್ಷ ತಪ್ಪದೆ ಬರುವುದರಿಂದ, ಈಗ ಬದುಕಿರುವವರ ಮಟ್ಟಿಗೆ 365.25 ಇನ್ನೂ ಹತ್ತಿರದ ಸರಾಸರಿ. ತೊಂದರೆಯ ಬೇರು ಭಾಜಕದಲ್ಲಿಲ್ಲ, ಸರಾಸರಿಯಿಂದ ಭಾಗಿಸುವುದರಲ್ಲಿಯೇ ಇದೆ.

ಹುಟ್ಟುಹಬ್ಬದ ದಿನವೇ ನೋಂದಣಿಗೆ ಬರುವವರು ಎಷ್ಟು ಮಂದಿ ಎಂದು ಇದನ್ನು ತಳ್ಳಿಹಾಕುವುದುಂಟು. ವಯಸ್ಕರ ಅಧ್ಯಯನದಲ್ಲಿ ಆ ಮಾತಿಗೆ ಬೆಲೆಯಿದೆ. ಮಕ್ಕಳ ಅಧ್ಯಯನದಲ್ಲಿ ಇಲ್ಲ, ಏಕೆಂದರೆ ಅಲ್ಲಿ ಭೇಟಿಗಳನ್ನು ಹುಟ್ಟುಹಬ್ಬಕ್ಕೇ ಹೊಂದಿಸಿರುತ್ತಾರೆ. ಮಗುವಿನ ಮೊದಲ ಹುಟ್ಟುಹಬ್ಬವನ್ನು ತೆಗೆದುಕೊಳ್ಳಿ. ಆ ವರ್ಷದೊಳಗೆ ಫೆಬ್ರುವರಿ 29 ಬಾರದಿದ್ದರೆ ದಿನಗಳು 365, ಸೂತ್ರದ ಉತ್ತರ 0.9993. ನಾಲ್ಕರಲ್ಲಿ ಮೂರು ಮಕ್ಕಳ ಸ್ಥಿತಿ ಇದೇ. ದಶಮಾಂಶವನ್ನು ಕತ್ತರಿಸಿ ಪೂರ್ಣ ವರ್ಷ ಪಡೆಯುವ ಸೂತ್ರ ಬಳಸಿದರೆ, ಒಂದು ತುಂಬಿದ ದಿನವೇ ಅಳತೆಗೆ ಬಂದ ಮಕ್ಕಳಲ್ಲಿ ಮುಕ್ಕಾಲು ಪಾಲು ಸೊನ್ನೆ ವರ್ಷದ ಗುಂಪಿಗೆ ಹೋಗುತ್ತಾರೆ. ಎರಡನೆಯ ಹುಟ್ಟುಹಬ್ಬದಲ್ಲಿ ಅರ್ಧದಷ್ಟು, ಮೂರನೆಯದರಲ್ಲಿ ಕಾಲು ಭಾಗ ಹೀಗೆ ಹಿಂದಿನ ಗುಂಪಿನಲ್ಲಿ ಉಳಿಯುತ್ತಾರೆ. ತಪ್ಪಿನ ದಿಕ್ಕೂ ಒಂದೇ: 1901ರಿಂದ 2099ರವರೆಗಿನ ಕಾಲಾವಧಿಯಲ್ಲಿ 365.25ರ ಸೂತ್ರ ಯಾರನ್ನೂ ಒಂದು ದಿನ ಮೊದಲೇ ವಯಸ್ಸಿಗೆ ತರುವುದಿಲ್ಲ, ಕೆಲವರನ್ನು ಒಂದು ದಿನ ತಡವಾಗಿ ತರುತ್ತದೆ.

ಸರಿಯಾದ ದಾರಿ ಕಷ್ಟದ್ದಲ್ಲ. ತುಂಬಿದ ವರ್ಷಗಳನ್ನು ಕ್ಯಾಲೆಂಡರಿನಿಂದಲೇ ಎಣಿಸಬೇಕು. ಉಳಿದ ಭಾಗಕ್ಕೆ, ಕಳೆದ ಹುಟ್ಟುಹಬ್ಬದಿಂದ ಈಚೆಗೆ ಆದ ದಿನಗಳನ್ನು ಆ ಹುಟ್ಟುಹಬ್ಬಕ್ಕೂ ಮುಂದಿನದಕ್ಕೂ ನಡುವಿನ ದಿನಗಳಿಂದ ಭಾಗಿಸಬೇಕು. ಅದೇ 2005ರ ವ್ಯಕ್ತಿಯನ್ನು 2 ಫೆಬ್ರುವರಿ 2024ರಂದು ಅಳೆದರೆಂದುಕೊಳ್ಳಿ. ತುಂಬಿದ ವರ್ಷ 18. ಕಳೆದ ಹುಟ್ಟುಹಬ್ಬದಿಂದ 237 ದಿನಗಳಾಗಿವೆ. ಆ ಹುಟ್ಟುಹಬ್ಬದಿಂದ ಮುಂದಿನದಕ್ಕೆ 366 ದಿನಗಳು. ವಯಸ್ಸು 18.64754. ಹಳೆಯ ಸೂತ್ರದಲ್ಲಿ 6811ನ್ನು 365.25ರಿಂದ ಭಾಗಿಸಿದರೆ 18.64750.

ವ್ಯತ್ಯಾಸ ಐದನೆಯ ದಶಮಾಂಶದಲ್ಲಿ! ಇದನ್ನು ಒತ್ತಿ ಹೇಳುವುದು ನನ್ನ ಕರ್ತವ್ಯ. ಸರಾಸರಿ ವಯಸ್ಸು ವರದಿ ಮಾಡಲು, ವಯಸ್ಸನ್ನು ನಿರಂತರ ಚರವಾಗಿ ಹಿಂಚಲನೆಯ ವಿಶ್ಲೇಷಣೆಯಲ್ಲಿ ಸೇರಿಸಲು 365.25 ಧಾರಾಳವಾಗಿ ಸಾಕು. ಹುಟ್ಟುಹಬ್ಬದ ದಿನ ಅದು ಮಾಡುವ ತಪ್ಪು ಮುಕ್ಕಾಲು ದಿನವನ್ನು ಮೀರದು. ಜನ್ಮದಿನಾಂಕದ ದಿನವೇ ಗೊತ್ತಿಲ್ಲದೆ ತಿಂಗಳ 15ನೆಯ ತಾರೀಖು ಎಂದು ಊಹಿಸಿದ ದತ್ತಾಂಶದಲ್ಲಂತೂ ಎರಡು ವಾರಗಳ ತಪ್ಪು ಮೊದಲೇ ಕುಳಿತಿರುತ್ತದೆ. ಅಂಥಲ್ಲಿ ಅಧಿಕ ದಿನದ ಚರ್ಚೆ ವ್ಯರ್ಥ. ಸೂತ್ರ ಕೆಡುವುದು ಗಡಿಯಲ್ಲಿ: ಅರ್ಹತೆ ನಿರ್ಧರಿಸುವಾಗ, ವಯೋಗುಂಪು ವಿಂಗಡಿಸುವಾಗ, ತುಂಬಿದ ವರ್ಷಗಳನ್ನು ಎಣಿಸುವಾಗ.

ಹೀಗೆ ಕೆಟ್ಟಿದೆಯೇ ಎಂದು ತಿಳಿಯಲು, ಜನ್ಮದಿನದ ತಿಂಗಳು ಮತ್ತು ತಾರೀಖು ಭೇಟಿಯ ದಿನದೊಂದಿಗೆ ಹೊಂದುವ ಸಾಲುಗಳನ್ನಷ್ಟೇ ಹೆಕ್ಕಿ, ವಯಸ್ಸನ್ನು ಐದು ದಶಮಾಂಶಗಳವರೆಗೆ ನೋಡಿ. ಎಲ್ಲವೂ ಪೂರ್ಣಾಂಕಗಳಾಗಿದ್ದರೆ ಕ್ಯಾಲೆಂಡರಿನ ಲೆಕ್ಕ ನಡೆದಿದೆ.

ಎಕ್ಸೆಲ್‌ನಲ್ಲಿ A2 ಜನ್ಮದಿನಾಂಕ, B2 ಭೇಟಿಯ ದಿನಾಂಕವಾಗಿದ್ದರೆ ಮೊದಲನೆಯ ಸೂತ್ರ C2ರಲ್ಲಿ, ಎರಡನೆಯದು D2ರಲ್ಲಿ ಇರಲಿ:

```
=DATEDIF(A2,B2,"Y")
=C2+(B2-EDATE(A2,12*C2))/(EDATE(A2,12*(C2+1))-EDATE(A2,12*C2))
```

ಇದರಲ್ಲೊಂದು ಬಿರುಕಿದೆ. ಫೆಬ್ರುವರಿ 29ರಂದು ಹುಟ್ಟಿದವರಿಗೆ ಸಾಮಾನ್ಯ ವರ್ಷದಲ್ಲಿ ವಯಸ್ಸು ತುಂಬುವುದು ಫೆಬ್ರುವರಿ 28ಕ್ಕೋ ಮಾರ್ಚ್ 1ಕ್ಕೋ? `DATEDIF` ಮಾರ್ಚ್ 1ರವರೆಗೆ ಕಾಯುತ್ತದೆ, `EDATE` ಫೆಬ್ರುವರಿ 28ನ್ನು ಹಿಡಿಯುತ್ತದೆ. ಹೀಗಾಗಿ ಅಂಥವರು ಹದಿನೆಂಟನೆಯ ವರ್ಷದ ಫೆಬ್ರುವರಿ 28ರಂದು ಬಂದರೆ C2ರಲ್ಲಿ 17, D2ರಲ್ಲಿ 18.000 ಕಾಣುತ್ತದೆ. ಯಾವುದು ಸರಿ ಎಂಬುದನ್ನು ಗಣಿತ ಹೇಳಲಾರದು. ಅಧ್ಯಯನದ ನಿಯಮಾವಳಿ ಹೇಳಬೇಕು. ಮೊದಲ ವ್ಯಕ್ತಿಯನ್ನು ನೋಂದಾಯಿಸುವ ಮುನ್ನವೇ ಅದನ್ನು ಒಂದು ಸಾಲಿನಲ್ಲಿ ಬರೆದಿಡಿ. ಅರ್ಹತೆಯನ್ನು ತೀರ್ಮಾನಿಸುವ ಕಾಲಂ ಯಾವುದೆಂದೂ ಅಲ್ಲೇ ಹೇಳಿ. ನಾನು ಆರಿಸುವುದು C2ನ್ನು, ಏಕೆಂದರೆ ಪೂರ್ಣಾಂಕಗಳ ಹೋಲಿಕೆಯಲ್ಲಿ ದಶಮಾಂಶದ ಬಾಲ ಅಡಗಿರುವುದಿಲ್ಲ.

ಒಂದು ಅಪವಾದವನ್ನೂ ಹೇಳಬೇಕು. ಹೋಲಿಕೆಯ ಕೋಷ್ಟಕವೇ ಸರಾಸರಿ ವರ್ಷದ ಮೇಲೆ ನಿಂತಿದ್ದರೆ ನಾವೂ ಅದನ್ನೇ ಅನುಸರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಬೆಳವಣಿಗೆಯ ಮಾನದಂಡಗಳಲ್ಲಿ ಒಂದು ತಿಂಗಳೆಂದರೆ 30.4375 ದಿನಗಳು, ಅಂದರೆ 365.25ರ ಹನ್ನೆರಡನೆಯ ಒಂದು ಭಾಗ. ಅಲ್ಲಿ ಕ್ಯಾಲೆಂಡರಿನ ತಿಂಗಳುಗಳನ್ನು ತೂರಿಸುವುದು ತಪ್ಪಾಗುತ್ತದೆ. ಆ ಮಾನದಂಡಗಳು ದಿನಗಳ ಲೆಕ್ಕದಲ್ಲಿಯೂ ಸಿಗುವುದರಿಂದ, ನೇರವಾಗಿ ದಿನಗಳನ್ನೇ ಕೊಡುವುದು ಎಲ್ಲಕ್ಕಿಂತ ಸುರಕ್ಷಿತ.

ಗೋಪ್ಯತೆಗಾಗಿ ಜನ್ಮದಿನಾಂಕವನ್ನು ಅಳಿಸಿ ದತ್ತಾಂಶ ಹಂಚುವಾಗ ಅನೇಕರು ಎರಡು ಅಂಕಿಗಳ ದಶಮಾಂಶ ವಯಸ್ಸನ್ನಷ್ಟೇ ಉಳಿಸುತ್ತಾರೆ. ಆಗ 17.9986 ಶಾಶ್ವತವಾಗಿ 18.00 ಆಗಿಬಿಡುತ್ತದೆ, ಆ ವ್ಯಕ್ತಿಯನ್ನು ಏಕೆ ಕೈಬಿಟ್ಟರೆಂದು ಮುಂದೆ ಯಾರೂ ಕಂಡುಹಿಡಿಯಲಾರರು. ದಿನಾಂಕಗಳನ್ನು ಅಳಿಸುವ ಮೊದಲು ತುಂಬಿದ ವರ್ಷಗಳ ಕಾಲಂ ಒಂದನ್ನೂ ದಿನಗಳ ಕಾಲಂ ಒಂದನ್ನೂ ಲೆಕ್ಕಹಾಕಿ ಇಡಿ.